ಉಳಿದದ್ದು ಸೊನ್ನೆಗಿಂತ ಕೆಳಗೆ

ನಮ್ಮ ರಸಾಯನಶಾಸ್ತ್ರದ ಮಾಸ್ತರರು ನಮ್ಮನ್ನು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಯಾವ ಲೆಕ್ಕದಲ್ಲಿ ಎಡವಿ ಬಿದ್ದೆವೋ ಆ ಲೆಕ್ಕವೇ ನಮ್ಮ ಹೆಸರು. ನನ್ನ ಹೆಸರು ‘ಲೀಟರ’. ನನ್ನ ಪಕ್ಕ ಕೂರುತ್ತಿದ್ದ ಟಿಕೋಟಾದ ಬಟ್ಟೆ ವ್ಯಾಪಾರಿಯ ಮಗನ ಹೆಸರು ‘ಕ್ಲೋರಿನ್’. ಇನ್ನೊಬ್ಬ ‘ಅರ್ಧ’. ಹಾಜರಿ ಪುಸ್ತಕದಲ್ಲಿ ನಮ್ಮ ತಾಯಿತಂದೆ ಇಟ್ಟ ಹೆಸರುಗಳು ಇದ್ದವು, ಆದರೆ ಅವನ್ನು ಗುಮಾಸ್ತ ಮಾತ್ರ ಓದುತ್ತಿದ್ದ.

ಯುದ್ಧ ಮುಗಿದ ಮರುವರ್ಷದ ಮಾತು. ಈಗ ವಿಜಯಪುರ ಅನ್ನುವ ಊರನ್ನು ಆಗ ವಿಜಾಪುರ ಅನ್ನುತ್ತಿದ್ದೆವು. ಅಲ್ಲೊಂದು ಹೊಸ ಕಾಲೇಜು, ಅದರಲ್ಲಿ ಇಂಟರ್ ಸೈನ್ಸ್ ಓದುವ ನಾವೊಂದಿಷ್ಟು ಹುಡುಗರು, ಮತ್ತು ಒಬ್ಬಳೇ ಹುಡುಗಿ. ಆ ಹುಡುಗಿ ನನ್ನ ಅಕ್ಕ. ಅವಳು ನನಗಿಂತ ದೊಡ್ಡವಳಾಗಿದ್ದೂ ನನ್ನ ಕ್ಲಾಸಿನಲ್ಲೇ ಇದ್ದದ್ದಕ್ಕೆ ಕಾರಣ ಅವಳ ಬುದ್ಧಿಯಲ್ಲ, ನನ್ನದು. ಮೆಟ್ರಿಕ್ ಮುಗಿಸಿದ ಮಗಳನ್ನು ಒಬ್ಬಳನ್ನೇ ಕಾಲೇಜಿಗೆ ಕಳಿಸಲಾರೆ, ತಮ್ಮ ಜೊತೆಗಿದ್ದರೆ ಹೋಗಲಿ ಎಂದು ಅಪ್ಪ ಹೇಳಿದ್ದರು. ಹೀಗಾಗಿ ಅವಳು ಬಬಲೇಶ್ವರದ ಮನೆಯಲ್ಲಿ ನಾನು ಮೆಟ್ರಿಕ್ ಪಾಸಾಗುವ ತನಕ ಕಾದಳು. ನಾನು ಒಮ್ಮೆ ಫೇಲಾದೆ. ಅವಳು ಇನ್ನೊಂದು ವರ್ಷ ಕಾದಳು. ನನಗೆ ಲೆಕ್ಕ ಹೇಳಿಕೊಟ್ಟು ಪಾಸು ಮಾಡಿಸಿದವಳೂ ಅವಳೇ, ಇಲ್ಲದಿದ್ದರೆ ಅವಳಿಗೆ ಕಾಲೇಜಿನ ಬಾಗಿಲೇ ತೆರೆಯುತ್ತಿರಲಿಲ್ಲ.

ಅವಳಿಗೆ ಡಾಕ್ಟರಾಗಬೇಕಿತ್ತು. ಇದನ್ನು ಕೇಳಿ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ, ಅದೇ ದೊಡ್ಡ ಮಾತು. ಟಿಕೋಟಾದಲ್ಲಿ ಅಪ್ಪನ ತಂಗಿಯ ಮನೆ. ಆ ಅತ್ತೆಯ ಮಗನಿಗೇ ಅಕ್ಕನನ್ನು ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅತ್ತೆ ಕೆಟ್ಟವಳಲ್ಲ, ಆದರೆ ಅವಳ ಮಾತು ಕಡ್ಡಿ ಮುರಿದ ಹಾಗೆ. “ಇಂಟರ್ ಪರೀಕ್ಷಾ ಒಂದ ಸಲಕ್ಕ ಪಾಸಾದ್ಲಂದ್ರ ಡಾಕ್ಟರಿಕಿ ಕಲೀಲಿ, ನಾವು ಕಾಯತೀವಿ. ಇಲ್ಲಾಂದ್ರ ಅದ ಬ್ಯಾಸಗ್ಯಾಗ ಅಕ್ಕಿಕಾಳು ಹಾಕಿ ಮದಿವಿ ಮಾಡೂದು. ಎರಡನೇ ಸಲ ಅನ್ನೂ ಮಾತ ಇಲ್ಲ,” ಎಂದಿದ್ದಳು. ಅಪ್ಪ ಒಪ್ಪಿದ್ದರು. ಅಕ್ಕನೂ ಒಪ್ಪಿದ್ದಳು, ಯಾಕೆಂದರೆ ಫೇಲಾಗುವುದು ಅವಳಿಗೆ ಗೊತ್ತೇ ಇರಲಿಲ್ಲ.

ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಅಡಿಗೆ ಮಾಡಿ ಹಾಕಲು ಆಯಿಯನ್ನು, ಅಂದರೆ ನಮ್ಮ ಅಪ್ಪನ ತಾಯಿಯನ್ನು, ಇಟ್ಟಿದ್ದರು. ಅಲ್ಲಿಂದ ನಾವಿಬ್ಬರೂ ಕಾಲೇಜಿಗೆ ನಡೆಯುತ್ತಿದ್ದೆವು. ನಾನು ಮುಂದೆ, ಅವಳು ಹಿಂದೆ. ಜೊತೆಯಲ್ಲಿ ನಡೆದರೆ ಜನ ನೋಡುತ್ತಾರೆಂದು ಆಯಿ ಹೇಳಿದ್ದಳು. ಹಿಂದೆ ನಡೆಯುವವಳು ಮುಂದೆ ನಡೆಯುವವನಿಗೆ ದಾರಿಯುದ್ದಕ್ಕೂ ಪಾಠ ಹೇಳುತ್ತಿದ್ದಳು.

ಈಗಿನ ಮಕ್ಕಳು ಮೋಲ್ ಅನ್ನುವುದನ್ನು ನಾವು ಗ್ರಾಂ-ಮಾಲಿಕ್ಯೂಲ್ ಅನ್ನುತ್ತಿದ್ದೆವು. ಹೆಸರು ಯಾವುದಾದರೇನು, ತೆಗ್ಗುಗಳು ಅವೇ. ‘ತೆಗ್ಗು’ ನನ್ನ ಮಾತಲ್ಲ, ಮಾಸ್ತರರದು. ಮೆಟ್ರಿಕ್‌ನ ಮತ್ತು ಇಂಟರ್‌ನ ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಅವರು ಸುತಳಿಯಿಂದ ಹೊಲಿದು ಇಟ್ಟುಕೊಂಡಿದ್ದರು. ಪುಸ್ತಕದ ಪಾಠ ಬೇಗ ಬೇಗ ಮುಗಿಸಿ ಆ ಕಟ್ಟನ್ನು ಮೇಜಿನ ಮೇಲೆ ಬಿಚ್ಚುವರು. “ಪರೀಕ್ಷಾ ಅಂದ್ರ ಬಯಲಾಗ ನಡೂದಲ್ಲ. ಹಾದಿ ತುಂಬ ತೆಗ್ಗು ತೋಡಿ ಮ್ಯಾಲ ಕಸಾ ಮುಚ್ಚಿರತಾರ. ಎಲ್ಲೆಲ್ಲಿ ತೋಡ್ಯಾರ ಅಂತ ನಾ ತೋರಸ್ತೇನಿ. ನೀವು ಬಿದ್ದ ಮ್ಯಾಲ,” ಎನ್ನುತ್ತಿದ್ದರು.

ಬಿದ್ದ ಮೇಲೆ. ಮೊದಲೇ ತೋರಿಸುವ ಪದ್ಧತಿ ಅವರದಲ್ಲ. ಒಂದು ಲೆಕ್ಕ ಬರೆಯುವರು, ಸುಮ್ಮನೆ ಕಿಟಕಿಯ ಹತ್ತಿರ ನಿಲ್ಲುವರು, ಒಬ್ಬೊಬ್ಬರ ಉತ್ತರ ಕೇಳುವರು. ತಪ್ಪಿದವನಿಗೆ ಅವತ್ತಿನಿಂದ ಆ ತೆಗ್ಗಿನ ಹೆಸರು, ಮತ್ತು ಕೊನೆಯ ಬೆಂಚು. ಅದೇ ತೆಗ್ಗಿಗೆ ಇನ್ನೊಬ್ಬ ಬಿದ್ದಾಗ ಮಾತ್ರ ಆ ಹೆಸರು ಅವನಿಗೆ ದಾಟುತ್ತಿತ್ತು. ಹೀಗಾಗಿ ನಾವು ಪಕ್ಕದವ ತಪ್ಪಲಿ ಎಂದು ಬೇಡಿಕೊಳ್ಳುವುದನ್ನು ಕಲಿತೆವು. ಬೇರೆ ಏನು ಕಲಿತೆವೋ ಬಿಟ್ಟೆವೋ, ಅದನ್ನು ಚೆನ್ನಾಗಿ ಕಲಿತೆವು.

ಬಟ್ಟೆ ವ್ಯಾಪಾರಿಯ ಮಗ ಮೊದಲು ಬಿದ್ದ. 7.1 ಗ್ರಾಂ ಕ್ಲೋರಿನ್ ಅನಿಲದಲ್ಲಿ ಎಷ್ಟು ಗ್ರಾಂ-ಮಾಲಿಕ್ಯೂಲ್ ಎಂಬ ಮೆಟ್ರಿಕ್ ಪ್ರಶ್ನೆ. ಅವನು 35.5ರಿಂದ ಭಾಗಿಸಿ 0.2 ಎಂದ. 35.5 ಒಂಟಿ ಪರಮಾಣುವಿನ ತೂಕ. ಅನಿಲದಲ್ಲಿ ಕ್ಲೋರಿನ್ ಜೋಡಿಯಾಗಿರುತ್ತದೆ, ಆದ್ದರಿಂದ 71ರಿಂದ ಭಾಗಿಸಬೇಕು, ಉತ್ತರ 0.1. ಅವನು ಕ್ಲೋರಿನ್ ಆದ, ಕೊನೆಯತನಕ ಕ್ಲೋರಿನ್ ಆಗಿಯೇ ಉಳಿದ, ಯಾಕೆಂದರೆ ಆಮೇಲೆ ಆ ತೆಗ್ಗಿಗೆ ಯಾರೂ ಬೀಳಲಿಲ್ಲ.

ಅದೇ ಹುಡುಗ ಇನ್ನೊಂದು ದಿನ ಇನ್ನೂ ದೊಡ್ಡ ಪೆಟ್ಟು ತಿಂದ. ‘ಎನ್.ಟಿ.ಪಿ.ಯಲ್ಲಿ 18 ಗ್ರಾಂ ನೀರಿನ ಗಾತ್ರವೆಷ್ಟು’ ಎಂಬ ಪ್ರಶ್ನೆ. ಎನ್.ಟಿ.ಪಿ., ಅಂದರೆ ಸೊನ್ನೆ ಡಿಗ್ರಿ ಮತ್ತು ಸಾಮಾನ್ಯ ಒತ್ತಡ, ಅಂದ ಕೂಡಲೇ ಒಂದು ಗ್ರಾಂ-ಮಾಲಿಕ್ಯೂಲ್ ಅನಿಲದ ಗಾತ್ರ ನಮ್ಮ ಬಾಯಲ್ಲಿ 22.4 ಲೀಟರ್ ಎಂದು ತಾನೇ ಬರುತ್ತಿತ್ತು. ಹೆಚ್ಚಿನವರು ಅದನ್ನೇ ಬರೆದರು. ಇವನು ಮಾತ್ರ ಎದ್ದು ನಿಂತ. “ಸರ್, ಅಷ್ಟು ಥಂಡಿಯೊಳಗ ನೀರು ಗ್ಯಾಸ್ ಆಗಂಗಿಲ್ರಿ. ಪ್ರಶ್ನಾನ ತಪ್ಪೈತ್ರಿ.”

ಮಾಸ್ತರರು ನಕ್ಕರು. “ಗ್ಯಾಸ್ ಅಂತ ಯಾರ ಅಂದ್ರು? ಗಾತ್ರ ಕೇಳ್ಯಾರ. ನೀರು ನೀರ ಇದ್ರ ಹದಿನೆಂಟು ಗ್ರಾಮಿಗೆ ಹದಿನೆಂಟು ಸಿ.ಸಿ. ಪ್ರಶ್ನಾ ತಪ್ಪು ಅಂತಿಯೇನಲೇ? ಛಾಪಾ ಆಗಿ ಬಂದದ್ದು ತಪ್ಪು, ನೀ ಖರೇ?” ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ‘ಪೇಪರ್ ತಪ್ಪುವುದಿಲ್ಲ, ನಾನು ತಪ್ಪುತ್ತೇನೆ’ ಎಂದು ಕ್ಲಾಸು ಮುಗಿಯುವತನಕ ಅನ್ನಿಸಿದರು. ಅವನು ಅನ್ನುತ್ತ ಅನ್ನುತ್ತ ಕೊನೆಗೆ ಅತ್ತ. ನಾವು ನಕ್ಕೆವು, ಯಾಕೆಂದರೆ ಮಾಸ್ತರರು ನಮ್ಮ ಕಡೆ ನೋಡುತ್ತಿದ್ದರು. ಬಾಗಿಲ ಪಕ್ಕದಲ್ಲಿ ಬೇರೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಕ್ಕ ನಗಲಿಲ್ಲ. ಆದರೆ ಆ ವಾಕ್ಯವನ್ನು ಅವಳು ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡಳು.

ನಾನು ಲೀಟರ ಆದದ್ದು ಈಕ್ವಿಲಿಬ್ರಿಯಂ, ಅಂದರೆ ಸಮತೋಲದ, ಲೆಕ್ಕದಲ್ಲಿ. ಹೈಡ್ರೋಜನ್ ಮತ್ತು ಆಯೋಡಿನ್ ಕೂಡಿಸಿ ಕಾಯಿಸುವ ಲೆಕ್ಕವನ್ನು ಮಾಸ್ತರರು ಮೊದಲು ಕೊಟ್ಟರು. ಒಂದು ಮತ್ತು ಒಂದು ಹೋಗಿ ಎರಡು ಹೈಡ್ರೋಜನ್ ಅಯೊಡೈಡ್ ಆಗುತ್ತದೆ. ಅಂದರೆ ಎಡಕ್ಕೆ ಎರಡು, ಬಲಕ್ಕೆ ಎರಡು. ಹಾಗಿದ್ದಾಗ ಪಾತ್ರೆ ಎಷ್ಟು ಲೀಟರಿನದೆಂಬುದು ಮೇಲೆ ಕೆಳಗೆ ಹೊಡೆದುಹೋಗುತ್ತದೆ. ನಾನು ಖುಷಿಯಾಗಿ ಲೀಟರ್ ನೋಡುವುದನ್ನೇ ಬಿಟ್ಟೆ. ಮರುದಿನ ಹತ್ತು ಲೀಟರ್ ಪಾತ್ರೆಯಲ್ಲಿ ಒಂದು ಗ್ರಾಂ-ಮಾಲಿಕ್ಯೂಲ್ ಫಾಸ್ಫರಸ್ ಪೆಂಟಾಕ್ಲೋರೈಡ್, ಅದರಲ್ಲಿ 0.4 ಒಡೆದಿದೆ, ‘ಕೆ’, ಅಂದರೆ ಸಮತೋಲದ ಸ್ಥಿರಾಂಕ, ಎಷ್ಟು ಎಂದು ಕೇಳಿದರು. ಒಂದು ಒಡೆದು ಎರಡಾಗುವಲ್ಲಿ ಲೀಟರ್ ಹೊಡೆದುಹೋಗುವುದಿಲ್ಲ. ಎಲ್ಲವನ್ನೂ ಹತ್ತರಿಂದ ಭಾಗಿಸಿಯೇ ಲೆಕ್ಕ ಹಾಕಬೇಕು, ಉತ್ತರ 0.0267. ನಾನು 0.267 ಎಂದೆ. ನಿನ್ನೆಯ ಪಾಠವನ್ನೇ ಇವತ್ತಿನ ತೆಗ್ಗು ಮಾಡಿದ್ದರು. ಇದರಲ್ಲಿ ಅವರದು ಎತ್ತಿದ ಕೈ.

“ಏ ಲೀಟರ, ಹಿಂದ ನಡಿ.”

ಅಕ್ಕ ಬೀಳಲೇ ಇಲ್ಲ. ಅವಳ ಪದ್ಧತಿ ಸಾದಾ. ಯಾವ ಲೆಕ್ಕವಾದರೂ ಮೂರು ಸಾಲು ಬರೆಯುವಳು: ಮೊದಲು ಇದ್ದದ್ದು, ಹೋದದ್ದು-ಬಂದದ್ದು, ಕಡೆಗೆ ಉಳಿದದ್ದು. ಮೂರನೇ ಸಾಲು ಬರೆಯದೆ ‘ಕೆ’ಗೆ ಕೈ ಹಾಕುತ್ತಿರಲಿಲ್ಲ. “ಲೇ ತಮ್ಮಾ, ಉಳದದ್ದನ್ನ ನೋಡು ಮೊದ್ಲು. ಅಡಗಿ ಆದ ಮ್ಯಾಲ ಡಬ್ಬಿಯೊಳಗ ಹಿಟ್ಟು ಎಷ್ಟು ಉಳದೈತಿ ನೋಡಂಗಿಲ್ಲೇನು ಆಯಿ, ಹಂಗ. ಉಳದದ್ದು ಸೊನ್ನಿಗಿಂತ ಕೆಳಗ ಹೋತಂದ್ರ ಎಲ್ಲೋ ಎಡವೇನಿ ಅಂತ ತಿಳಕೊ,” ಎಂದು ದಾರಿಯಲ್ಲಿ ನನ್ನ ಬೆನ್ನಿಗೆ ಹೇಳುತ್ತಿದ್ದಳು.

ಮಾಸ್ತರರಿಗೆ ಇದನ್ನು ಸಹಿಸಲಾಗಲಿಲ್ಲ. ಅವಳನ್ನು ಬೀಳಿಸಲು ಅವರು ಬೇರೆಯೇ ಲೆಕ್ಕ ಹುಡುಕುತ್ತಿದ್ದರು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆಗ ಪೆಟ್ರೋಲಿನ ಕೊರತೆ, ಬಬಲೇಶ್ವರದ ಸರ್ವಿಸ್ ಮೋಟಾರು, ಅಂದರೆ ಬಸ್ಸು, ಇನ್ನೂ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಹಿಂದೆ ಒಂದು ದೊಡ್ಡ ಒಲೆ ಕಟ್ಟಿರುತ್ತಿದ್ದರು. ಒಂದು ದಿನ ಮಾಸ್ತರರು ಅದನ್ನೇ ಹಿಡಿದು ಕೇಳಿದರು. “ನಿಮ್ಮೂರ ಮೋಟಾರದಾಗ ಇದ್ದಿಲಾ, ಕಾರ್ಬನ್ ಡೈಆಕ್ಸೈಡ್ ಕೂಡಿ ಕಾರ್ಬನ್ ಮಾನಾಕ್ಸೈಡ್ ಆಗತೈತಿ. ಒಲಿಯೊಳಗ ಇದ್ದಿಲಾ ಎರಡು ಪಟ್ಟು ಹಾಕಿದ್ರ ಕೆ ಎಷ್ಟಾಗತೈತಿ? ಏ ಹುಡುಗಿ, ಹೇಳು.”

ಅಕ್ಕ ಎದ್ದು ನಿಂತು ನೆಲ ನೋಡುತ್ತ ಹೇಳಿದಳು. “ಏನೂ ಆಗಂಗಿಲ್ರಿ ಸರ್. ಇದ್ದಿಲಾ ಘಟ್ಟಿ ಐತ್ರಿ. ಅದು ಇದ್ರ ಸಾಕ್ರಿ, ಎಷ್ಟೈತಿ ಅನ್ನೂದು ಲೆಕ್ಕಕ್ಕ ಬರಂಗಿಲ್ರಿ. ಎರಡು ಗ್ಯಾಸ್ ಅಷ್ಟ ಬರತಾವ್ರಿ.”

ಉತ್ತರ ಸರಿ. ಅವರು ಫಲಕದ ಕಡೆ ತಿರುಗಿ ಮುಂದಿನ ಲೆಕ್ಕ ಬರೆದರು. ಮುಂದಿನದು ಅಸಿಟಿಕ್ ಆಸಿಡ್ ಮತ್ತು ಆಲ್ಕೊಹಾಲಿನದು. ಅಲ್ಲಿ ಎಸ್ಟರಿನ ಜೊತೆ ನೀರೂ ಹುಟ್ಟುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನೀರು ತಾನೇ ಎಂದು ಬಿಟ್ಟವರೆಲ್ಲ ಬಿದ್ದೆವು. ಅವಳು ಬಿಡಲಿಲ್ಲ, ಉತ್ತರ 4 ಎಂದಳು. ಅಂದು ನಾವು ಐದಾರು ಹುಡುಗರು ಕೊನೆಯ ಬೆಂಚಿನಲ್ಲಿ ಇರುಕಿಕೊಂಡು ಕೂತೆವು. ಹುಡುಗಿಯೊಬ್ಬಳ ಮುಂದೆ ಹೀಗಾಯಿತಲ್ಲ ಎಂದು ‘ಅರ್ಧ’ ಹಲ್ಲು ಕಡಿದ. ನನಗೆ ಮಾತ್ರ ಒಳಗೊಳಗೇ ಹೆಮ್ಮೆ, ಹೊರಗೆ ತೋರಿಸಿದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಯೂನಿವರ್ಸಿಟಿ ಪರೀಕ್ಷೆಗೆ ಕೂರಬೇಕಾದರೆ ಮೊದಲು ಕಾಲೇಜಿನ ಪ್ರಿಲಿಮಿನರಿಯಲ್ಲಿ ಪಾಸಾಗಬೇಕು. ಒಂದು ವಿಷಯದಲ್ಲಿ ಕಡಿಮೆ ಬಿದ್ದರೂ ಕಾಲೇಜಿನವರು ಫಾರ್ಮು ಕಳಿಸುತ್ತಿರಲಿಲ್ಲ, ಆ ವರ್ಷ ಅಲ್ಲಿಗೆ ಮುಗಿಯಿತು. ರಸಾಯನಶಾಸ್ತ್ರದ ಪ್ರಿಲಿಮಿನರಿ ಪತ್ರಿಕೆ ತೆಗೆದವರು ನಮ್ಮ ಮಾಸ್ತರರೇ. ಎಲ್ಲ ಪ್ರಶ್ನೆಗಳೂ ಆ ಸುತಳಿ ಕಟ್ಟಿನಿಂದ ಬಂದವು. ಲೆಕ್ಕದ ಪ್ರಶ್ನೆ ಮೊದಲನೆಯದಾಗಿಯೇ ಇತ್ತು, ಕಡ್ಡಾಯ ಎಂದು ಬರೆದಿತ್ತು:

‘ಒಂದು ಲೀಟರ್ ಪಾತ್ರೆಯಲ್ಲಿ 1 ಗ್ರಾಂ-ಮಾಲಿಕ್ಯೂಲ್ ನೈಟ್ರೋಜನ್ ಮತ್ತು 2 ಗ್ರಾಂ-ಮಾಲಿಕ್ಯೂಲ್ ಹೈಡ್ರೋಜನ್ ಇಟ್ಟು ಕಾಯಿಸಿದಾಗ, ಸಮತೋಲದಲ್ಲಿ 1.5 ಗ್ರಾಂ-ಮಾಲಿಕ್ಯೂಲ್ ಅಮೋನಿಯಾ ಇತ್ತು. ಕೆ ಕಂಡುಹಿಡಿಯಿರಿ.’

ನಾನು ಅಕ್ಕ ಹೇಳಿದ ಹಾಗೆಯೇ ಮೂರು ಸಾಲು ಬರೆದೆ. ಒಂದು ನೈಟ್ರೋಜನ್ನಿಗೆ ಮೂರು ಹೈಡ್ರೋಜನ್ ಸೇರಿ ಎರಡು ಅಮೋನಿಯಾ. ಅಂದರೆ ಒಂದೂವರೆ ಅಮೋನಿಯಾಕ್ಕೆ ನೈಟ್ರೋಜನ್ ಮುಕ್ಕಾಲು ಬೇಕು, ಹೈಡ್ರೋಜನ್ ಎರಡೂಕಾಲು. ನೈಟ್ರೋಜನ್ ಕಾಲು ಉಳಿಯಿತು. ಹೈಡ್ರೋಜನ್ ಇದ್ದದ್ದೇ ಎರಡು, ಹೋದದ್ದು ಎರಡೂಕಾಲು. ಉಳಿದದ್ದು ಮೈನಸ್ ಕಾಲು.

ನಾನೇನು ಮಾಡಿದೆ? ಮೈನಸ್ ಗುರುತನ್ನು ಬಿಟ್ಟೆ. ಕಾಲಿನ ಘನ ಮಾಡಿ, ಕಾಲಿನಿಂದ ಗುಣಿಸಿ, ಅದರಿಂದ 2.25ನ್ನು ಭಾಗಿಸಿದೆ. 576 ಬಂತು. ಇಪ್ಪತ್ನಾಲ್ಕರ ವರ್ಗ! ಇಷ್ಟು ಚೆಂದದ ಅಂಕೆ ತಪ್ಪಾಗಿರಲು ಸಾಧ್ಯವಿಲ್ಲ ಎಂದುಕೊಂಡು ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದೆ. ನನ್ನ ಹಾಗೆ ಕ್ಲಾಸಿನ ಹೆಚ್ಚು ಕಡಿಮೆ ಎಲ್ಲರೂ ಹೋದರು. ಕಾಲು ಜಾರಿದ್ದು ಗೊತ್ತಾದರೂ ಗೊತ್ತಾಗದವರಂತೆ ನಡೆಯುವುದು ನಮಗೆ ಅಭ್ಯಾಸವಾಗಿತ್ತು.

ಅಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಾಗಿ ಕೂತಿದ್ದಳು. ನನಗೆ ಅವಳ ಬೆನ್ನು ಮತ್ತು ಜಡೆ ಮಾತ್ರ ಕಾಣುತ್ತಿತ್ತು. ಬರೆಯುವಳು, ಹೊಡೆದುಹಾಕುವಳು, ಮತ್ತೆ ಬರೆಯುವಳು. ಹೆಚ್ಚಿನ ಹಾಳೆ ಕೇಳಿ ತೆಗೆದುಕೊಂಡಳು. ನಾನು ಅಂದುಕೊಂಡೆ, ಇವಳು ಎಲ್ಲ ಮುಗಿಸಿ ಇನ್ನೂ ಬರೆಯುತ್ತಿದ್ದಾಳೆ ಅಂತ. ಗಂಟೆ ಹೊಡೆದಾಗ ಅವಳು ಏಳಲಿಲ್ಲ. ಮೇಲ್ವಿಚಾರಕರು ಬಂದು ಕೈಯಿಂದ ಹಾಳೆ ಎಳೆದುಕೊಂಡರು.

ದಾರಿಯಲ್ಲಿ ಅವಳು ಮೊದಲ ಬಾರಿ ನನ್ನ ಪಕ್ಕದಲ್ಲಿ ನಡೆದಳು, ಯಾರು ನೋಡುತ್ತಾರೆಂಬುದು ಮರೆತಂತಿತ್ತು. “ಲೇ, ನಿನಗ ಹೈಡ್ರೋಜನ್ ಎಷ್ಟು ಉಳೀತು?” ಎಂದಳು.

“ಕಾಲು.”

“ಕಾಲು ಹೆಂಗ? ಮೈನಸ್ ಅಲ್ಲೇನು?”

“ಮೈನಸ್ಸನ. ನಾ ಬಿಟ್ಟೆ.”

ಅವಳು ನಿಂತುಬಿಟ್ಟಳು. “ಬಿಡಾಕ ಹೆಂಗ ಬರತೈತಿ? ಇದ್ದದ್ದಕ್ಕಿಂತ ಹೆಚ್ಚು ಖರ್ಚಾಗಂಗಿಲ್ಲ. ನಾ ಎಲ್ಲೋ ಸಮೀಕರಣ ತಪ್ಪೇನಿ. ಪರಮಾಣು ಹಿಡದು ನೋಡಿದೆ, ತಿರಗಾ ಮುರಗಾ ಮಾಡಿ ನೋಡಿದೆ. ಎಲ್ಲಿ ತಪ್ಪೇನಿ ತಿಳೀಲೇ ಇಲ್ಲ.”

“ಪ್ರಶ್ನಾನ ತಪ್ಪಿರಬೇಕು ಬಿಡ.”

“ಪೇಪರ್ ತಪ್ಪಂಗಿಲ್ಲ,” ಎಂದಳು. ಬೆಂಚಿನ ಮೇಲೆ ನಿಂತು ಅತ್ತ ಹುಡುಗನ ವಾಕ್ಯ ಅದು, ಇವಳ ಬಾಯಿಂದ ಹಾಗೆಯೇ ಬಂತು. ಉಳಿದ ಪ್ರಶ್ನೆಗಳನ್ನು ಎಷ್ಟು ಬರೆದೆ ಎಂದು ಕೇಳಿದರೆ ಅವಳು ಮತ್ತೆ ಹೈಡ್ರೋಜನ್ನಿನ ಲೆಕ್ಕವನ್ನೇ ಮೊದಲಿಂದ ಹೇಳತೊಡಗಿದಳು.

ಒಂದು ವಾರಕ್ಕೆ ಮಾಸ್ತರರು ಉತ್ತರಪತ್ರಿಕೆಗಳನ್ನು ಕ್ಲಾಸಿಗೆ ತಂದರು. 576 ಬರೆದವರೆಲ್ಲರಿಗೂ ಆ ಪ್ರಶ್ನೆಗೆ ಅಂಕ ಕೊಟ್ಟಿದ್ದರು. ಅದು ಸರಿಯೋ ತಪ್ಪೋ ಒಂದು ಮಾತಾಡಲಿಲ್ಲ. ಕೊನೆಗೆ ಅಕ್ಕನ ಪತ್ರಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರು, ಸತ್ತ ಇಲಿಯನ್ನು ಎತ್ತುವ ಹಾಗೆ.

“ಇಲ್ನೋಡ್ರಿ. ನಮ್ಮ ಶ್ಯಾಣ್ಯಾ ಹುಡುಗಿ. ಮೊದಲನೇ ಪ್ರಶ್ನಾ ಬಿಟ್ಟು ಮುಂದ ಹೋಗೇ ಇಲ್ಲ. ಆರು ಸಲ ಮಾಡ್ಯಾಳ, ಆರೂ ಸಲ ಮೈನಸ್. ಆರೂ ಸಲ ಕಾಟು ಹೊಡದಾಳ. ಕಡೀಕ ಏನ ಬರದಾಳ ಓದ್ಲೇನು?”

ಇಂಗ್ಲಿಷಿನಲ್ಲಿ ಬರೆದಿದ್ದಳು. ಅವರು ಅದನ್ನು ಒಂದೊಂದು ಶಬ್ದ ಬಿಡಿಸಿ ಓದಿ, ಆಮೇಲೆ ಕನ್ನಡದಲ್ಲಿಯೂ ಹೇಳಿದರು. “ನನ್ನ ತಪ್ಪು ನನಗ ಸಿಗಲಿಲ್ಲ. ಕ್ಷಮಿಸಬೇಕು.”

ಕ್ಲಾಸು ನಕ್ಕಿತು. ವರ್ಷವಿಡೀ ಒಳಗೆ ಇಟ್ಟುಕೊಂಡಿದ್ದ ನಗು ಅದು, ಒಮ್ಮೆಗೇ ಹೊರಗೆ ಬಿತ್ತು. ‘ಅರ್ಧ’ ಬೆಂಚು ಬಡಿದು ನಕ್ಕ. ಕ್ಲೋರಿನ್ ಒಬ್ಬ ತಲೆ ತಗ್ಗಿಸಿದ. ಮಾಸ್ತರರು ನಗು ನಿಲ್ಲುವ ತನಕ ಕಾದು, “ಇವತ್ತಿನಿಂದ ಇಕಿ ಹೆಸರು ಮೈನಸ್. ಮೈನಸ್, ಹಿಂದ ನಡಿ,” ಎಂದರು. ಹಿಂದಿನ ಬೆಂಚು ಹುಡುಗರದು. ಅವಳು ಅಲ್ಲಿ ಕೂರುವಂತಿರಲಿಲ್ಲ. ಅವಳ ಕುರ್ಚಿಯನ್ನು ಒಬ್ಬ ಹುಡುಗ ಎತ್ತಿ ಹಿಂದಿನ ಗೋಡೆಗೆ ಒಯ್ದು ಇಟ್ಟ. ಅವಳು ಎಲ್ಲರ ನಡುವಿನಿಂದ ನಡೆದು ಹೋಗಿ ಕೂತಳು. ಇವತ್ತಿಗೂ ನನಗೆ ಆ ನಡಿಗೆ ನೆನಪಾದರೆ ಆ ಮನುಷ್ಯನ ಮೇಲೆ ಸಿಟ್ಟು ಉಕ್ಕುತ್ತದೆ. ವಯಸ್ಸಾದಂತೆ ಎಲ್ಲ ಮರೆಯುತ್ತದೆ, ಕ್ಷಮೆ ಬರುತ್ತದೆ ಎನ್ನುತ್ತಾರೆ. ನನಗಂತೂ ಬಂದಿಲ್ಲ.

ಅವಳ ಫಾರ್ಮು ನಿಂತಿತು. ನನ್ನದು ಹೋಯಿತು.

ಸುದ್ದಿ ತಿಳಿದು ಅಪ್ಪ ಬಬಲೇಶ್ವರದಿಂದ ಇದ್ದಿಲ ಮೋಟಾರಿನಲ್ಲಿ ಬಂದರು. ಕಾಳಿನ ಅಂಗಡಿ ಬಿಟ್ಟು ಅವರು ಬರುವುದೇ ಅಪರೂಪ. ಅಂಗಿಯ ಮೇಲೆ ಮಸಿ, ಮುಖದ ಮೇಲೆ ಮಸಿ. ಮುಖ ತೊಳೆದುಕೊಂಡು ನನ್ನನ್ನು ಕರೆದುಕೊಂಡು ಮಾಸ್ತರರ ಮನೆಗೆ ಹೊರಟರು. ಅಕ್ಕನನ್ನು ಕರೆಯಲಿಲ್ಲ. ಅವಳು ಬಾಗಿಲಲ್ಲಿ ನಿಂತು, “ಯಪ್ಪಾ, ನಾ ಎಲ್ಲಿ ತಪ್ಪೇನಿ ಅಂತ ಅಷ್ಟ ಕೇಳ್ಕೊಂಡು ಬರ್ರಿ,” ಎಂದಳು. ಫಾರ್ಮಿನ ಮಾತನ್ನೇ ಆಡಲಿಲ್ಲ.

ಮಾಸ್ತರರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ನಮ್ಮನ್ನು ಕೂರಲು ಹೇಳಿದರು, ತಾವು ಸುಲಿಯುವುದನ್ನು ನಿಲ್ಲಿಸಲಿಲ್ಲ. ಅಪ್ಪ ಕೈ ಜೋಡಿಸಿದರು. “ಸಾಹೇಬ್ರ, ಹುಡುಗಿ ಶ್ಯಾಣ್ಯಾಕಿ ಅದಾಳ್ರಿ. ಒಂದು ಲೆಕ್ಕದಾಗ ತಪ್ಪಿದ್ರ ಹೊಟ್ಟ್ಯಾಗ ಹಾಕೋರಿ. ಎಲ್ಲಿ ತಪ್ಪಿದ್ಲು ಅಂತ ಹೇಳ್ರಿ, ತಿದ್ದಕೋತಾಳ.”

“ತಪ್ಪಿಲ್ಲ,” ಎಂದರು ಮಾಸ್ತರರು.

ಅಪ್ಪನಿಗೆ ತಿಳಿಯಲಿಲ್ಲ.

“ಅಕಿ ಎಲ್ಲೂ ತಪ್ಪಿಲ್ಲ. ಆ ಹಳೇ ಪೇಪರದಾಗ ಛಾಪಾ ತಪ್ಪೈತಿ. ಹೈಡ್ರೋಜನ್ ಮೂರು ಅಂತ ಇರಬೇಕಾಗಿತ್ತು, ಎರಡು ಅಂತ ಛಾಪಾ ಆಗೈತಿ. ನನಗ ಗೊತ್ತೈತಿ. ಗೊತ್ತಿದ್ದ ಕೊಟ್ಟೇನಿ.”

ಅವರು ಒಂದು ಕಾಯಿ ಒಡೆದು, ಕಾಳು ಬಾಯಿಗೆ ಹಾಕಿಕೊಂಡು, ಯಾವ ಸಂಕೋಚವೂ ಇಲ್ಲದೆ ಹೇಳಿದರು. ಅವರೇ ಇಂಟರ್ ಪರೀಕ್ಷೆಗೆ ಕೂತ ವರ್ಷ ಆ ಪ್ರಶ್ನೆ ಬಂದಿತ್ತಂತೆ. ಅವರು ಅದರ ಮೇಲೆಯೇ ಗಂಟೆ ಹೊಡೆಯುವ ತನಕ ಕೂತರಂತೆ. ಏನೋ ಒಂದು ಉತ್ತರ ಗೀಚಿ ಮುಂದೆ ಹೋದವರಿಗೆಲ್ಲ ಅಂಕ ಸಿಕ್ಕಿತು, ಇವರು ಆ ವರ್ಷ ಕಳೆದುಕೊಂಡರು. “ಕಡೀ ತೆಗ್ಗು ಅದು. ಲೆಕ್ಕದಾಗಿರೂದಿಲ್ಲ, ಪ್ರಶ್ನಾದಾಗ ಇರತೈತಿ. ಗೀಚಿ ಮುಂದ ಹೋಗೂದು ಕಲೀಬೇಕು. ಇವ ಕಲ್ತಾನ,” ಎಂದು ನನ್ನ ಕಡೆ ಗದ್ದ ತೋರಿಸಿದರು. “ಅಕಿ ಕಲ್ತಿಲ್ಲ.”

“ಆದ್ರ ಪೇಪರ್ ತಪ್ಪಂಗಿಲ್ಲ ಅಂತ ನೀವ ಹೇಳಿದ್ರಿ,” ಎಂದು ನಾನು ಹೇಗೆ ಅಂದೆನೋ.

“ಹೇಳೇನಿ. ಅದನ್ನ ನಂಬಿದಾಕಿ ಬಿದ್ಲು.”

ಅಪ್ಪ ಇನ್ನೊಮ್ಮೆ ಕೈ ಜೋಡಿಸಿದರು. “ತಪ್ಪಿಲ್ಲಾಂದ ಮ್ಯಾಲ ಫಾರ್ಮು ಕಳಸ್ರಿ ಸಾಹೇಬ್ರ.”

“ಉಳಿದ ಪ್ರಶ್ನಾ ಬರದಿಲ್ಲ. ಬರೀದಿದ್ದಕ್ಕ ಮಾರ್ಕು ಎಲ್ಲಿಂದ ತರ್ಲಿ? ಮುಂದಿನ ವರ್ಷ ಕುಂಡ್ರಸ್ರಿ. ನಾನೂ ಮುಂದಿನ ವರ್ಷ ಕೂತೇನಿ, ಏನೂ ಆಗಿಲ್ಲ.”

“ಅಕ್ಕಗ ಮುಂದಿನ ವರ್ಷ ಇಲ್ರಿ ಸರ್!” ಎಂದು ನಾನು ಎದ್ದು ನಿಂತೆ.

“ಅದು ನಿಮ್ಮ ಮನಿ ಮಾತು, ಲೀಟರ,” ಎಂದರು ಮಾಸ್ತರರು, ಮತ್ತು ಸಿಪ್ಪೆಗಳನ್ನು ಬಾಚಿ ಒಂದು ಕಡೆ ಮಾಡಿದರು.

ಅದು ನಮ್ಮ ಮನೆಯ ಮಾತೇ. ಅದನ್ನು ಬದಲಿಸುವ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದರು. ಟಿಕೋಟಾಕ್ಕೆ ಹೋಗಿ ತಂಗಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾವು ಸ್ಟೇಷನ್ ರಸ್ತೆಯಲ್ಲಿ ವಾಪಸ್ ಹೊರಟೆವು. ಟಾಂಗಾಗಳು, ಎಣ್ಣೆಯ ಡಬ್ಬಿ ಹೊತ್ತ ಗಾಡಿಗಳು, ಗದ್ದಲ. ಅಪ್ಪ ಒಂದು ಅಂಗಡಿಯ ಮರೆಗೆ ನಿಂತು ನನ್ನ ಹೆಗಲ ಮೇಲೆ ಕೈ ಇಟ್ಟರು.

“ಅಕಿಗಿ ಇದನ್ನ ಹೇಳಬ್ಯಾಡ.”

“ಯಾವುದನ್ನ?”

“ಪ್ರಶ್ನಾ ತಪ್ಪಿತ್ತು ಅನ್ನೂದನ್ನ. ತನ್ನದ ತಪ್ಪು ಅಂತ ತಿಳಕೊಂಡ್ರ ನಾಕು ದಿನ ಅತ್ತು ಸುಮ್ಮನಾಗತಾಳ. ತನ್ನದಲ್ಲ ಅಂತ ತಿಳೀತೋ, ಯಾವ ಮನ್ಯಾಗೂ ಸುಮ್ಮ ಕುಂಡ್ರಂಗಿಲ್ಲ. ಅತ್ತಿ ಮನ್ಯಾಗ ಬಾಳೇ ಮಾಡಬೇಕಲ್ಲೋ ಅಕಿ.”

ಅಪ್ಪ ಮಗಳನ್ನು ಪ್ರೀತಿಸುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಬಹಳ ಪ್ರೀತಿಸುತ್ತಿದ್ದರು, ಆದ್ದರಿಂದಲೇ ಹಾಗೆ ಯೋಚಿಸಿದರು. ಮಾಸ್ತರರು ಕಲಿಸುವ ಹೆಸರಿನಲ್ಲಿ ಮಾಡಿದ್ದನ್ನು ಇವರು ಪ್ರೀತಿಯ ಹೆಸರಿನಲ್ಲಿ ಮಾಡಿದರು. ಕೋಣೆಗೆ ಬಂದಾಗ ಅಕ್ಕ ಅಪ್ಪನ ಮುಖವನ್ನೇ ನೋಡಿದಳು. “ಏನ ಅಂದ್ರು?” ಅಪ್ಪ ಟೊಪ್ಪಿಗೆ ಗೂಟಕ್ಕೆ ಹಾಕುತ್ತ, “ತಪ್ಪೈತಂತ. ದೊಡ್ಡ ತಪ್ಪಂತ. ನಿನಗ ಈಗ ಹೇಳಿದ್ರ ತಿಳಿಯಂಗಿಲ್ಲಂತ,” ಎಂದರು. ಅವಳು ತಲೆಯಾಡಿಸಿದಳು. ಮರುದಿನದ ಮೋಟಾರಿಗೆ ಅಪ್ಪನ ಜೊತೆ ಊರಿಗೆ ಹೋದಳು.

ನಾನು ಯೂನಿವರ್ಸಿಟಿ ಪರೀಕ್ಷೆಗೆ ಕೂತೆ. ಪತ್ರಿಕೆ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ಅಸಿಟಿಕ್ ಆಸಿಡ್, ಅದೇ ಆಲ್ಕೊಹಾಲು. ಯಾವ ಕಸ ಮುಚ್ಚಿದ ತೆಗ್ಗೂ ಅಲ್ಲ, ಬಯಲೇ.

ಪರೀಕ್ಷೆ ಮುಗಿಸಿ ಬಬಲೇಶ್ವರಕ್ಕೆ ಹೋದಾಗ ಮದುವೆ ಮನೆ ಗಿಜಿಗುಡುತ್ತಿತ್ತು. ಹಿತ್ತಲಲ್ಲಿ ಹೆಂಗಸರು ಶ್ಯಾವಿಗೆ ಮಣೆ ಹಾಕಿ ಹೊಸೆಯುತ್ತಿದ್ದರು. ಅಕ್ಕನೂ ಅವರ ಜೊತೆ ಕೂತು ತನ್ನ ಮದುವೆಯ ಶ್ಯಾವಿಗೆಯನ್ನು ತಾನೇ ಹೊಸೆಯುತ್ತಿದ್ದಳು. ಕೈ ಬಹಳ ಚುರುಕು, ಎಳೆ ಕೂದಲಿನಷ್ಟು ಸಣ್ಣ. ನನ್ನನ್ನು ನೋಡಿ ಎದ್ದು ಬಂದು ಕೊಟ್ಟಿಗೆಯ ನೆರಳಿಗೆ ಕರೆದಳು. ಹಿಟ್ಟಿನ ಕೈಯನ್ನು ದೂರ ಹಿಡಿದುಕೊಂಡು, “ಪೇಪರ್ ತಂದಿಯೇನು? ಹಿಡಿ, ನೋಡ್ತೇನಿ,” ಎಂದಳು. ನಾನು ಅವಳ ಮುಂದೆ ಹಿಡಿದೆ. ಓದಿ ಮುಗಿಸುವಷ್ಟರಲ್ಲಿ ಉತ್ತರ ಹೇಳಿದಳು.

“ನೀ ಏನ ಬರದಿ?”

ನಾನು ಬರೆದದ್ದನ್ನು ಹೇಳಿದೆ.

“ಹುಚ್ಚಾ, ಮತ್ತ ನೀರ ಬಿಟ್ಟಿ,” ಎಂದು ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ಆಮೇಲೆ ನಗು ಆರಿತು. “ನೋಡು, ಇದು ನನಗ ಬರತೈತಿ. ಎಲ್ಲಾ ಬರತೈತಿ. ಅದೊಂದು ಲೆಕ್ಕ ಯಾಕ ಬರಲಿಲ್ಲೋ. ಶ್ಯಾವಿಗಿ ಹೊಸಿಯೂಮುಂದ ಅದನ್ನ ಮಾಡ್ತಿರತೇನಿ. ಮೊದಲು ಇದ್ದದ್ದು, ಹೋದದ್ದು, ಉಳದದ್ದು. ಯಾವಾಗೂ ಅಲ್ಲೇ ಬಂದು ನಿಂದರತೈತಿ. ಇನ್ನೂ ಹುಡುಕಾಕತ್ತೇನಿ. ಇರ್ಲಿ, ಸಿಗತೈತಿ.”

ಇದನ್ನು ಕೇಳಿಯೂ ಸುಮ್ಮನಿರಲು ನನ್ನಿಂದಾಗಲಿಲ್ಲ. ಅಪ್ಪನ ಮಾತು ಅಪ್ಪನ ಹತ್ತಿರ ಇರಲಿ. “ಅಕ್ಕಾ, ನಿನ್ನ ತಪ್ಪಲ್ಲ. ಎರಡಲ್ಲ, ಮೂರು. ಛಾಪಾ ತಪ್ಪಿತ್ತು. ಸರ್‌ಗೆ ಗೊತ್ತಿತ್ತು, ಗೊತ್ತಿದ್ದ ಕೊಟ್ಟಿದ್ರು. ಅಪ್ಪಗೂ ಹೇಳಿದ್ರು,” ಎಂದೆ.

ಅವಳು ಒಂದು ಕ್ಷಣ ನನ್ನನ್ನು ನೋಡಲಿಲ್ಲ, ಗಾಳಿಯಲ್ಲಿ ಏನನ್ನೋ ನೋಡಿದಳು. ತುಟಿ ಅಲ್ಲಾಡಿತು. “ಮೂರು... ಎರಡೂಕಾಲು ಹೋದ್ರ ಮುಕ್ಕಾಲು ಉಳೀತು. ಕೆ ಇಪ್ಪತ್ತೊಂದು, ಮ್ಯಾಲ ಮೂರನೇ ಒಂದು,” ಎಂದಳು. ಲೆಕ್ಕ ಸರಿಯಾಗಿ ಬಂದುಬಿಟ್ಟಿತ್ತು. ಅವಳ ಮುಖ ಒಮ್ಮೆ ಹಿಗ್ಗಿತು, ಹಿಗ್ಗಿದ್ದು ಹಾಗೆಯೇ ಬೂದಿಯಾಯಿತು.

“ಯಪ್ಪಗೂ ಗೊತ್ತಿತ್ತಾ?”

“ಹೂಂ.”

ಹಿತ್ತಲಿಂದ ಅವ್ವ ಕೂಗಿದಳು. ಟಿಕೋಟಾದವರ ಬಂಡಿ ಊರ ಅಗಸಿ ಬಾಗಿಲಿಗೆ ಬಂದಿದೆಯಂತೆ, ಅಕ್ಕ ಸೀರೆ ಬದಲಿಸಬೇಕಂತೆ. ಅಕ್ಕ ಹಿಟ್ಟು ಒಣಗಿ ಬಿರಿದ ತನ್ನ ಎರಡೂ ಕೈ ನೋಡಿಕೊಂಡಳು.

“ಯಾಕ ಹೇಳಿದ್ಯೋ ತಮ್ಮಾ? ನನ್ನ ತಪ್ಪು ಅ‌ಂತ ಇಷ್ಟು ದಿನ ಸುಮ್ಮ ಇದ್ದೆ. ಇನ್ನ ಹೆಂಗ ಸುಮ್ಮ ಇರ್ಲಿ?”

ಅವ್ವ ಮತ್ತೆ ಕೂಗಿದಳು. ಅವಳು ಕೈ ತೊಳೆದುಕೊಳ್ಳಲು ಬಾನಿಯ ಕಡೆ ಹೋದಳು.